ತಿದ್ದದೆ ಹೋದ ಮೇಲ್

ನವಿ ಮುಂಬೈಯ ಘಣಸೋಲಿಯ ಒಂದು ಆಫೀಸಿನಲ್ಲಿ ನನ್ನದು ಎಚ್.ಆರ್. ಕೆಲಸ. ನಮ್ಮ ಕಂಪನಿಯ ಗೋದಾಮು ಇರುವುದು ಭಿವಂಡಿಯಲ್ಲಿ. ಅಲ್ಲಿನ ಶಿಫ್ಟ್ ಸೂಪರ್‌ವೈಸರ್ ವಿಜಯಪುರದ ಕಡೆಯವರು, ಮನೆ ಕಲ್ಯಾಣದಲ್ಲಿ. ಲೋಡಿಂಗ್ ಕೆಲಸಕ್ಕೆ ಸೇರಿ, ಹದಿನಾರು ವರ್ಷ ದುಡಿದು ಆ ಕುರ್ಚಿಗೆ ಬಂದವರು. ಮೊದಲ ಸಲ ಫೋನಿನಲ್ಲಿ ನನ್ನ ಹಿಂದಿ ಕೇಳಿದ್ದೇ, "ಮೇಡಂ, ನೀವು ಮೈಸೂರು ಕಡೆಯವರೇನ್ರಿ?" ಅಂದಿದ್ದರು. ನನ್ನ ಹಿಂದಿಯ ಯೋಗ್ಯತೆ ಅಷ್ಟು. ಅವತ್ತಿನಿಂದ ನಮ್ಮಿಬ್ಬರದು ಕನ್ನಡ.

ಅವರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕೆಂದರೆ ಜೀವ ಹೋದಂತಾಗುತ್ತಿತ್ತು. ಬರೆದು ಮೊದಲು ನನಗೆ ವಾಟ್ಸಾಪ್ ಮಾಡುತ್ತಿದ್ದರು: "ಇದೊಂದೀಟು ನೋಡಿ ಕೊಡ್ರಿ." ನಾನು ಡೊಂಬಿವಲಿಯಿಂದ ಠಾಣೆಗೆ ಬಂದು, ಘಣಸೋಲಿಗೆ ಹೋಗುವ ಲೋಕಲ್ ರೈಲಿಗೆ ಕಾಯುವಾಗ ನಿಂತಲ್ಲೇ ತಿದ್ದಿ ಕಳಿಸುತ್ತಿದ್ದೆ. ಅವರು ಅದನ್ನು ಹಾಗೇ ಎತ್ತಿ ಮೇಲಿನವರಿಗೆ ಹಾಕುತ್ತಿದ್ದರು. ಹೀಗೆ ನಾಲ್ಕು ವರ್ಷ. ಆಫೀಸಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಸ್ಪೆಲಿಂಗ್ ಪರವಾಗಿರಲಿಲ್ಲ. ತೊಂದರೆ ಇದ್ದದ್ದು ಚಿಹ್ನೆಗಳಲ್ಲಿ. ಮುಖ್ಯ ಅನ್ನಿಸಿದ ಮಾತಿಗೆಲ್ಲ ಇನ್ವರ್ಟೆಡ್ ಕಾಮಾ. ಸಾಲಿನ ಕೊನೆಗೆ ಮೂರು, ನಾಲ್ಕು, ಕೆಲವೊಮ್ಮೆ ಏಳು ಚುಕ್ಕಿ. ಸರ್ ಅಂದ ಕಡೆಯೆಲ್ಲ ಆಶ್ಚರ್ಯಸೂಚಕ. ಒಮ್ಮೆ ಕೇಳಿದೆ, ಇದೆಲ್ಲ ಯಾಕೆ ಹಾಕ್ತೀರಿ ಅಂತ. ಹಿರಿಯರನ್ನು ಕರೆದಾಗ ಮುಂದೆ ಆ ಗೆರೆ ಹಾಕಬೇಕೆಂದು ಕನ್ನಡ ಶಾಲೆಯ ಮಾಸ್ತರರು ಹೇಳಿಕೊಟ್ಟಿದ್ದರಂತೆ. ಕಾಮಾ ಮಾತ್ರ ಗೋದಾಮಿನ ಬೋರ್ಡುಗಳಿಂದ ಕಲಿತದ್ದು. "ಪೇಂಟರ್ ಮಂದಿ ಹೆಲ್ಮೆಟ್ ಅನ್ನೋ ಶಬ್ದಕ್ಕ ಎರಡೂ ಕಡೆ ಅದನ್ನ ಹಾಕಿರ್ತಾರಲ್ರಿ, ಕಣ್ಣಿಗೆ ಹೊಡೀಲಿ ಅಂತ." ಚುಕ್ಕಿಗಳೋ? "ದೊಡ್ಡವರ ಮುಂದ ಮಾತು ಪಟ್ಟನೆ ಮುಗಿಸಬಾರದ್ರಿ. ಅದಕ್ಕ."

ನಕ್ಕು ಅಲ್ಲಿಗೇ ಬಿಟ್ಟೆ. ಹೇಳಿಕೊಡುವುದಕ್ಕಿಂತ ಅಳಿಸಿಹಾಕುವುದು ಸುಲಭ ಅಲ್ಲವೇ. ಆ ಸೋಮಾರಿತನಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಕಳೆದ ವರ್ಷ ಗೋದಾಮಿನ ಒಂದು ರ‍್ಯಾಕಿನ ಅಡ್ಡಪಟ್ಟಿ ಕಳಚಿ ಬಿತ್ತು. ಅದನ್ನು ಹಿಡಿದಿಡುವ ಪಿನ್ ಇರಲಿಲ್ಲ. ಮೇಲಿದ್ದ ಪೆಟ್ಟಿಗೆಗಳು ಕಲಬುರಗಿಯ ಒಬ್ಬ ಲೋಡರನ ಕಾಲ ಮೇಲೆ ಬಿದ್ದು ಪಾದ ಜಜ್ಜಿಹೋಯಿತು. ಪಿನ್ ಇಲ್ಲವೆಂದು ನಮ್ಮ ಸೂಪರ್‌ವೈಸರ್ ಮೇಂಟೆನೆನ್ಸ್‌ನವರಿಗೆ ಎರಡು ಸಲ ಬಾಯಲ್ಲಿ ಹೇಳಿದ್ದರು, ಶಿಫ್ಟಿನ ರಿಜಿಸ್ಟರಿನಲ್ಲೂ ಬರೆದಿದ್ದರು. ಮೇಂಟೆನೆನ್ಸ್‌ನವರು ಹೇಳಿಯೇ ಇಲ್ಲವೆಂದು ಕೈ ತೊಳೆದುಕೊಂಡರು. ಕಂಪನಿ ಇವರಿಗೆ ನೋಟಿಸ್ ಕೊಟ್ಟಿತು: ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು, ಎರಡು ದಿನದಲ್ಲಿ ಮೇಲ್ ಮೂಲಕ ಉತ್ತರಿಸಿ.

ಎಂದಿನಂತೆ ಉತ್ತರದ ಕರಡು ನನಗೆ ಬಂತು. ನಾನು ತೆರೆಯಲೇ ಇಲ್ಲ. ನೋಟಿಸ್ ಹೊರಡಿಸಿದ್ದೇ ನಮ್ಮ ವಿಭಾಗ. ಉತ್ತರ ಓದುವವರ ಜೊತೆ ನಾನೂ ಕೂರಬೇಕು. ಫೋನ್ ಮಾಡಿ, "ಈ ಸಲ ನಾನು ಕೈ ಹಾಕೋ ಹಾಗಿಲ್ಲ. ನಡೆದದ್ದು ನಡೆದ ಹಾಗೆ ಬರೆದು ನೀವೇ ಕಳಿಸಿಬಿಡಿ," ಅಂದೆ. ನಿಯಮ ಅಂದರೆ ನಿಯಮ, ಅದರಲ್ಲಿ ನನ್ನ ತಪ್ಪಿಲ್ಲ.

"ಆತ್ರಿ ಮೇಡಂ. ಖರೇ ಬರಿಯಾಕ ಏನ್ ಹೆದರಿಕಿ," ಅಂದರು.

ಮೀಟಿಂಗ್ ರೂಮಿನಲ್ಲಿ ಮೂವರಿದ್ದೆವು: ಆಪರೇಷನ್ಸ್ ಮುಖ್ಯಸ್ಥರು, ನನ್ನ ಬಾಸ್, ನಾನು. ಆ ಇಂಗ್ಲಿಷ್ ಮೇಲನ್ನು ಗೋಡೆಯ ಪರದೆಗೆ ಹಾಕಿದ್ದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

ಮಾನ್ಯ ಸರ್!!! ರ‍್ಯಾಕನ್ನು ನಾನು ದಿನಾ ಬೆಳಿಗ್ಗೆ "ಪರೀಕ್ಷೆ" ಮಾಡುತ್ತೇನೆ. ಪಿನ್ ಇಲ್ಲವೆಂದು ಎರಡು ಸಲ "ತಿಳಿಸಿದ್ದೇನೆ". ರಿಜಿಸ್ಟರಿನಲ್ಲಿ ಅದೇ ದಿನ "ಬರೆದಿದ್ದೇನೆ"..... ಲೋಡರನಿಗೆ ಆದ ನೋವಿಗೆ ನನಗೆ "ದುಃಖ" ಇದೆ. ಕಂಪನಿಯ "ನ್ಯಾಯ"ದ ಮೇಲೆ ನಂಬಿಕೆ ಇದೆ ಸರ್! ಮುಂದಿನದು ತಾವು ನೋಡಿಕೊಳ್ಳಬೇಕು.......

ಆಪರೇಷನ್ಸ್‌ನವರು ಒಂದೊಂದು ಶಬ್ದಕ್ಕೂ ಎರಡೂ ಕೈಯ ಬೆರಳು ಎತ್ತಿ, ಗಾಳಿಯಲ್ಲಿ ಇನ್ವರ್ಟೆಡ್ ಕಾಮಾದ ಕೊಕ್ಕೆ ಹಾಕುತ್ತ ಓದಿದರು. ಇಂಗ್ಲಿಷಿನಲ್ಲಿ ಹಾಗೆ ಹಾಕಿದ ಮಾತು ಬರೀ ಲೇವಡಿ ಅನ್ನುವುದು ಅವರ ಲೆಕ್ಕ. ಪರೀಕ್ಷೆ ಮಾಡುತ್ತೇನೆ, ಅಂದರೆ ಮಾಡುವುದಿಲ್ಲ. ಬರೆದಿದ್ದೇನೆ, ಅಂದರೆ ಆಮೇಲೆ ತುರುಕಿದ್ದು. ದುಃಖವಂತೆ. ನಮ್ಮ ನ್ಯಾಯವಂತೆ. ಕೊನೆಯ ಚುಕ್ಕಿಗಳನ್ನು ತೋರಿಸಿ, ಇದು ಧಮಕಿ ಅಂದರು.

"ಸರ್, ಇದು ವ್ಯಂಗ್ಯ ಅಲ್ಲ. ಒತ್ತಿ ಹೇಳೋದಕ್ಕೆ ಕೆಲವರು ಹಾಗೆ ಬರೀತಾರೆ," ಅಂದೆ.

ನನ್ನ ಬಾಸ್ ಒಳ್ಳೆಯ ಮನುಷ್ಯ. ಇರಬಹುದು, ಹಳೆಯ ಮೇಲ್‌ಗಳನ್ನು ನೋಡೋಣ ಅಂದರು. ಒಂದಾದ ಮೇಲೊಂದು ತೆಗೆಸಿದರು. ನಾಲ್ಕು ವರ್ಷದ್ದು. ಎಲ್ಲವೂ ನೀಟಾಗಿದ್ದವು. ಬೇಡದ ಒಂದು ಕಾಮಾ ಇಲ್ಲ, ಒಂದು ಚುಕ್ಕಿ ಹೆಚ್ಚಿಲ್ಲ. ಇಷ್ಟು ಚೆನ್ನಾಗಿ ಬರೆಯಲು ಬರುವವನು ಈ ಒಂದನ್ನು ಮಾತ್ರ ಹೀಗೆ ಬರೆದಿದ್ದಾನೆ ಎಂದರೆ ಬೇಕಂತಲೇ ಬರೆದದ್ದು, ಎಂದು ನನ್ನ ಬಾಸ್ ಕೂಡ ಒಪ್ಪಿಬಿಟ್ಟರು.

ಆ ಮೇಲ್‌ಗಳನ್ನು ತಿದ್ದಿದ್ದು ನಾನು. ಅಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಫೋನಿನಲ್ಲಿ ಅವರ ಮೂಲ ಕರಡುಗಳೆಲ್ಲ ಇದ್ದವು. ಫೋನು ಮೇಜಿನ ಮೇಲೇ ಇತ್ತು. ಆದರೆ ಎಚ್.ಆರ್.ನಲ್ಲಿ ಕೂತವಳು ನೌಕರನೊಬ್ಬನ ಮೇಲ್‌ಗಳನ್ನು ಕದ್ದುಮುಚ್ಚಿ ಬರೆದುಕೊಡುತ್ತಿದ್ದಳು ಅಂತ ಆಗುತ್ತದೆ. ಮುಂದಿನ ನೋಟಿಸ್ ನನಗೇ. ನಾನು ಬಾಯಿ ಬಿಡಲಿಲ್ಲ. ಹೆದರಿಕೊಂಡೆ, ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ. ನಮ್ಮ ಕಡೆಯವರು ಅಂತ ಫೋನಿನಲ್ಲಿ ಮಾತಾಡಿದ ಬಾಯಿ ಇದೇ.

ರಿಜಿಸ್ಟರನ್ನು ಯಾರೂ ತರಿಸಿ ನೋಡಲಿಲ್ಲ. ಕಂಪನಿಗೆ ಅವರ ಮೇಲೆ ನಂಬಿಕೆ ಉಳಿದಿಲ್ಲ ಎಂಬ ಕಾರಣ ಕೊಟ್ಟು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ.

ಪತ್ರ ತೆಗೆದುಕೊಂಡು ಹೋಗಲು ಅವರು ಘಣಸೋಲಿಗೆ ಬಂದರು. ನಾಲ್ಕು ವರ್ಷದಲ್ಲಿ ಅವರನ್ನು ನಾನು ಎದುರಿಗೆ ಕಂಡದ್ದು ಎರಡೋ ಮೂರೋ ಸಲ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೊರಳಿನ ಐಡಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು, ಬೆರಳಿಟ್ಟುಕೊಂಡು ಪತ್ರವನ್ನು ನಿಧಾನವಾಗಿ ಓದಿದರು. ತೆಗೆದುಕೊಂಡಿದ್ದಕ್ಕೆ ಸಹಿ ಮಾಡಿದರು.

ಆಮೇಲೆ ಕೇಳಿದರು. "ಮೇಡಂ, ನನ್ನ ಉತ್ತರದಾಗ ಏನರ ತಪ್ಪಿತ್ತೇನ್ರಿ? ನೀವು ಓದೀರಲ್ಲ, ಹೇಳ್ರಿ."

ಅಲ್ಲಾದರೂ ಹೇಳಬಹುದಿತ್ತು. ಆದರೆ ಚಿಹ್ನೆಗಳ ಮಾತು ತೆಗೆದರೆ ಹಳೆಯ ಮೇಲ್‌ಗಳ ಮಾತು ಬರುತ್ತದೆ. ಹಳೆಯ ಮೇಲ್‌ಗಳ ಮಾತು ಬಂದರೆ ಆ ರೂಮಿನಲ್ಲಿ ನಾನು ಸುಮ್ಮನೆ ಕೂತದ್ದು ಬರುತ್ತದೆ.

"ಏನೂ ತಪ್ಪಿರಲಿಲ್ಲ," ಅಂದೆ.

ಅವರ ಮುಖ ಸ್ವಲ್ಪ ಸಡಿಲವಾಯಿತು. "ಅಷ್ಟು ಸಾಕ್ರಿ," ಅಂದರು. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಅದು ಅವರ ಉತ್ತರದ ಪ್ರಿಂಟ್. "ಇದನ್ನ ಹತ್ತು ಝೆರಾಕ್ಸ್ ಮಾಡಿಸೀನ್ರಿ. ಬ್ಯಾರೆ ಗೋದಾಮಿನಾಗ ಕೆಲಸ ಕೇಳಾಕ ಹೋದಾಗ, ಯಾಕ ಬಿಡಿಸಿದ್ರು ಅಂತ ಕೇಳೇ ಕೇಳ್ತಾರ. ನಾ ಬಾಯ್ಲೆ ಏನೂ ಹೇಳಂಗಿಲ್ಲ, ಇದನ್ನ ಕೊಟ್ಟುಬಿಡ್ತೀನಿ. ಓದಿದ ಕೂಡ್ಲೆ ಅವರಿಗೇ ತಿಳೀತದ."

ಮಡಚಿ ಮತ್ತೆ ಜೇಬಿಗಿಟ್ಟುಕೊಂಡರು. ನನಗೆ ಕೈ ಮುಗಿದು ಲಿಫ್ಟಿನ ಕಡೆ ಹೋದರು. ನಾನು ಕರೆಯಲಿಲ್ಲ.