ಮಾವನಿಗೆ ಹಾಕಿದ ಪಾಟೀಸವಾಲು

ಬಿ.ಎಲ್. ಪಾಸು ಮಾಡಿ ಊರಿಗೆ ಬಂದವನಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ ಎಂದು ಮದ್ರಾಸಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ವಕೀಲನಾಗಿ ಹೆಸರು ನೋಂದಾಯಿಸಬೇಕಾದರೆ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿತು ಅವರಿಂದ ಸರ್ಟಿಫಿಕೇಟು ತರಬೇಕಿತ್ತು. ಮಂಗಳೂರಿನ ಬೇರೆ ಹಿರಿಯರೆಲ್ಲ ಅವಧಿ ಮುಗಿದ ಕೂಡಲೇ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ನನ್ನ ಹಣೆಬರಹಕ್ಕೆ ಸಿಕ್ಕಿದವರು ಮಾತ್ರ ಹಾಗಲ್ಲ. ಜೆಪ್ಪುವಿನ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿ ಶನಿವಾರ ಮಧ್ಯಾಹ್ನ ಸುಳ್ಳು ಕೋರ್ಟು ನಡೆಯುತ್ತಿತ್ತು. ಅವರು ನ್ಯಾಯಾಧೀಶರು, ನಾನು ವಾದಿಯ ವಕೀಲ, ನಾನೇ ಕರೆದ ಸಾಕ್ಷಿ ನನಗೇ ತಿರುಗಿ ಬೀಳುತ್ತಾನೆ. ಆ ಸಾಕ್ಷಿಯನ್ನು ಕಾನೂನು ಪ್ರಕಾರ ಎದುರಿಸಿ ತೋರಿಸಿದರೆ ಸಹಿ, ಇಲ್ಲದಿದ್ದರೆ ಇಲ್ಲ.

ನಾನು ಎರಡು ಸಲ ಬಿದ್ದಿದ್ದೆ. ಮೊದಲ ಸಲ ಸಾಕ್ಷಿ ತಿರುಗಿದ ಸಿಟ್ಟಿಗೆ ಕೋರ್ಟಿನ ಅನುಮತಿ ಕೇಳದೆಯೇ "ಹೌದಲ್ಲವೇ, ಹೌದಲ್ಲವೇ" ಎಂದು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿಬಿಟ್ಟೆ. ಎರಡನೇ ಸಲ ಬುದ್ಧಿ ಬಂದು, ಸಾಕ್ಷಿ "ನೆನಪಿಲ್ಲ" ಎಂದ ಕೂಡಲೇ, ಇವನು ತಿರುಗಿಬಿದ್ದ ಸಾಕ್ಷಿ, ಎದುರಾಳಿಯ ಸಾಕ್ಷಿಯಂತೆ ಪಾಟೀಸವಾಲು ಹಾಕಲು ಅನುಮತಿ ಕೊಡಿ ಎಂದು ಕೇಳಿದೆ. ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನಗೆ ಬೇಡದ ಉತ್ತರ ಕೊಟ್ಟವರೆಲ್ಲ ನಿನ್ನ ವೈರಿಗಳಾ? ಅವನಿಗೆ ನಿಜವಾಗಿ ನೆನಪಿಲ್ಲದಿದ್ದರೆ ಎಂತ ಮಾಡ್ತೀ? ಸತ್ಯ ಹೇಳಲಿಕ್ಕೆ ಮನಸ್ಸಿಲ್ಲ ಅಂತ ಕೋರ್ಟಿಗೆ ಕಾಣಬೇಕು ಮಾರಾಯ. ಹೋಗು, ಇನ್ನೊಂದು ಶನಿವಾರ ನೋಡುವ."

ಇನ್ನೊಂದು ಶನಿವಾರ, ಇನ್ನೊಂದು ಶನಿವಾರ! ನನಗೆ ಸಾಕುಸಾಕಾಗಿತ್ತು. ನನ್ನ ಜೊತೆಗೆ ಓದಿದವರು ಕರಿ ಕೋಟು ಹಾಕಿ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ನಾನಿನ್ನೂ ಸಾರ್ ಹೇಳಿದ ದಾವೆಗಳ ನಕಲು ಬರೆದುಕೊಂಡು ಕೂತಿದ್ದೆ. ಅದರ ಮೇಲೆ ಊರಿನಿಂದ ಸೋದರಮಾವನ ಕರೆ ಬೇರೆ. ನಮ್ಮದು ಅಳಿಯಸಂತಾನದ ಮನೆ. ಅಪ್ಪನಿಗಿಂತ ಮಾವನ ಮಾತೇ ಮೇಲೆ, ಅವರೇ ಯಜಮಾನರು, ನಾನು ಹಿರಿಯ ಅಳಿಯ. "ಓದಿದ್ದು ಸಾಕು, ಬಂದು ಗದ್ದೆ ನೋಡಿಕೋ" ಎಂದು ಹೇಳಿ ಕಳಿಸುತ್ತಲೇ ಇದ್ದರು. ಕೊನೆಗೆ ನನ್ನ ಮೂರನೇ ಸಲದ ಶನಿವಾರ ತಾವೇ ಬಂದುಬಿಟ್ಟರು.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಅಂಥ ಬಸ್ಸಿನಲ್ಲಿ ಕುಲಶೇಖರದ ಆಚೆಯಿಂದ ಬಂದ ಮಾವ ಬಿಳಿ ಶಾಲಿನಲ್ಲಿ ಕಪ್ಪು ಹುಡಿ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಸಾರ್‌ಗೆ ಕೈಮುಗಿದವರೇ ನೇರ ವಿಷಯಕ್ಕೆ ಬಂದರು.

"ಇವನನ್ನು ಕರಕೊಂಡು ಹೋಗಲಿಕ್ಕೆ ಬಂದದ್ದು. ಇನ್ನೂ ಎಷ್ಟು ಕಲೀಲಿಕ್ಕುಂಟು ಇವನಿಗೆ?"

"ಇವತ್ತು ಪಾಸಾದರೆ ಏನೂ ಇಲ್ಲ," ಎಂದರು ಸಾರ್. "ಇವತ್ತೂ ಬಿದ್ದರೆ ಕರಕೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ."

ಅಷ್ಟಕ್ಕೇ ಬಿಡುವ ಮನುಷ್ಯನೇ ಅವರು? ಮಾವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಕೋರ್ಟು ಕಂಡವರಲ್ಲವಾ? ಇವತ್ತಿನ ಸಾಕ್ಷಿ ನೀವೇ ಆಗಿ" ಎಂದರು. ಮಾವನಿಗೆ ಒಳಗೊಳಗೇ ಖುಷಿ. ಗಡಿ ತಕರಾರು, ಗೇಣಿ ತಕರಾರು ಎಂದು ಅರ್ಧ ಆಯುಷ್ಯ ಕೋರ್ಟಿನ ಜಗಲಿಯಲ್ಲಿ ಕಳೆದವರು ಅವರು. ಸಾರ್ ಅವರನ್ನು ಪಕ್ಕಕ್ಕೆ ಕರೆದು ಕೇಸನ್ನು ಬಾಯಲ್ಲೇ ಹೇಳಿ ಕೊಟ್ಟರು.

ಕೇಸು ಸರಳ. ವಾದಿಯ ಗದ್ದೆಗೆ ಹೋಗುವ ಕಾಲುದಾರಿಯನ್ನು ಪ್ರತಿವಾದಿ ಬೇಲಿ ಹಾಕಿ ಮುಚ್ಚಿದ್ದಾನೆ. ದಾವೆಯ ಆರಂಭದಲ್ಲಿ ನೆರೆಮನೆಯ ಸಾಕ್ಷಿ, "ನನ್ನ ಬಾಲ್ಯದಿಂದ ಆ ದಾರಿ ಉಂಟು, ಜನ ಅದರಲ್ಲೇ ನಡೆಯುತ್ತಾರೆ" ಎಂದು ಪ್ರಮಾಣ ಮಾಡಿ ಅಫಿಡವಿಟ್ಟಿಗೆ ಸಹಿ ಹಾಕಿದ್ದಾನೆ. ಈಗ ವಿಚಾರಣೆಯಲ್ಲಿ ಮಾತು ಬದಲಿಸುತ್ತಾನೆ.

ಮಾವ ಕುರ್ಚಿಯಲ್ಲಿ ಕೂತರು. ನಾನು ಎದುರು ನಿಂತೆ. ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ವಾದಿಯ ಗದ್ದೆಗೆ ಜನ ಯಾವ ಕಡೆಯಿಂದ ಹೋಗುತ್ತಾರೆ?"

"ನನಗೆಂತ ಗೊತ್ತು? ನಾನು ಅವರ ಹಿಂದೆ ಹೋಗ್ತೇನಾ?"

"ಆಯಿತು ಮಾವ," ಎಂದೆ.

ಸಾರ್ ಮೇಜು ಗುದ್ದಿದರು. "ಎಂತ ಆಯಿತು? ಸಾಕ್ಷಿ ಹೇಳಿದ್ದಕ್ಕೆಲ್ಲ ಆಯಿತು ಅಂದರೆ ನಿನ್ನ ಕಕ್ಷಿಗಾರ ಮನೆಗೆ ಹೋಗಿ ಗಂಜಿ ಉಣ್ಣಲಾ?"

ಏನು ಮಾಡಲಿ? ಹುಟ್ಟಿದಾರಭ್ಯ ಆ ಮುಖಕ್ಕೆ ನಾನು ಹೇಳಿದ್ದು ಅದೊಂದೇ ಮಾತು. ಗದ್ದೆಗೆ ಹೋಗು ಎಂದರೆ ಆಯಿತು, ಬೇಡ ಎಂದರೆ ಆಯಿತು. ಮದ್ರಾಸಿಗೆ ಹೋಗುವುದಕ್ಕೂ ಅಮ್ಮನ ಬಾಯಿಂದಲೇ ಕೇಳಿಸಿದ್ದೆ. ಮುಂದಿನ ಪ್ರಶ್ನೆಗೂ ನನ್ನ ನಾಲಗೆ "ಆ..." ಎಂದು ಹೊರಟು ಹಲ್ಲಿನ ಹತ್ತಿರ ನಿಂತಿತು. ಮಾವ ಮೀಸೆಯಡಿಯಲ್ಲಿ ನಕ್ಕರು. ಆ ನಗು ನೋಡಿ ನನಗೆ ರೇಗಿತು. ರೇಗಿದ್ದೇ ಒಳ್ಳೆಯದಾಯಿತು.

ಈ ಸಲ ಅವಸರ ಮಾಡಲಿಲ್ಲ. ದಾರಿ ಉಂಟೇ ಎಂದು ಕೇಳಿದೆ. ಇಲ್ಲ ಎಂದರು. ಯಾವತ್ತಾದರೂ ಇತ್ತೇ ಎಂದೆ. ಯಾವತ್ತೂ ಇರಲಿಲ್ಲ ಎಂದರು. ಬೇಲಿ ಯಾವಾಗ ಹಾಕಿದ್ದು ಎಂದೆ. ಅಜ್ಜನ ಕಾಲದ ಬೇಲಿ ಎಂದು ಕಣ್ಣು ಮಿಟುಕಿಸದೆ ಹೇಳಿದರು. ಆಗ ಸಾರ್ ಕಡೆ ತಿರುಗಿ ಹೇಳಿದೆ: ಈ ಸಾಕ್ಷಿ ಪ್ರಮಾಣ ಮಾಡಿ ಹೇಳಿದ್ದಕ್ಕೆ ಈಗ ಪೂರ್ತಿ ವಿರುದ್ಧ ಹೇಳುತ್ತಿದ್ದಾರೆ, ಇವರು ಸತ್ಯ ಹೇಳಲು ಇಷ್ಟವಿಲ್ಲದವರು, ಸಾಕ್ಷ್ಯ ಕಾಯಿದೆಯ ನೂರ ಐವತ್ತನಾಲ್ಕನೇ ಸೆಕ್ಷನ್ನಿನಂತೆ ನನ್ನ ಸಾಕ್ಷಿಗೆ ನಾನೇ ಪಾಟೀಸವಾಲು ಹಾಕಲು ಅನುಮತಿ ಕೊಡಬೇಕು. ಸಾರ್ ಈ ಸುಳ್ಳು ಕೋರ್ಟಿಗೆಂದೇ ಬರೆಸಿಟ್ಟಿದ್ದ ಅಫಿಡವಿಟ್ಟನ್ನು ತರಿಸಿ ನೋಡಿದರು. "ಅನುಮತಿ ಉಂಟು," ಎಂದರು.

ಇನ್ನು ಅಫಿಡವಿಟ್ಟಿನ ಕೆಲಸ. ಅದನ್ನು ಸುಮ್ಮನೆ ಕೋರ್ಟಿನ ಮುಂದೆ ಎಸೆಯುವಂತಿಲ್ಲ. ಯಾವ ಭಾಗ ಈಗಿನ ಮಾತಿಗೆ ವಿರುದ್ಧವೋ ಆ ಭಾಗವನ್ನು ಮೊದಲು ಸಾಕ್ಷಿಗೆ ತೋರಿಸಬೇಕು, ಅವನು ಏನು ಹೇಳುತ್ತಾನೋ ಅದಕ್ಕೆ ಅವಕಾಶ ಕೊಡಬೇಕು. ನಾನು ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟು ಕಾಗದವನ್ನು ಮಾವನ ಕೈಗೆ ಕೊಟ್ಟೆ.

"ಇದನ್ನು ಓದಿ. ಇದು ನೀವು ಹೇಳಿದ್ದಲ್ಲವೇ?"

ಮಾವ ಕಾಗದ ತಿರುವಿದರು. ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಕಿಟಕಿಯ ಕಡೆ ಹಿಡಿದರು. ಎಲಾ ಎಲಾ, ಎಂಥ ನಾಟಕ ಎಂದುಕೊಂಡೆ.

"ನೀನೇ ಓದು," ಎಂದರು.

"ಸಾಕ್ಷಿ ಓದಬೇಕು. ನಿಮಗೆ ಓದಲು ಬರುತ್ತದೆಯೋ ಇಲ್ಲವೋ?"

"ಬರ್ತದೆ."

"ಶಾಲೆಗೆ ಹೋದವರೇ?"

"ಹೌದು."

"ದಿನಾ ಪೇಪರು ಓದುವವರೇ?"

"ಓದ್ತಿದ್ದೆ."

"ಹಾಗಾದರೆ ಕನ್ನಡದಲ್ಲಿ ಬರೆದ ನಾಲ್ಕು ಸಾಲು ಓದಲು ಏನು ಕಷ್ಟ?"

ಮಾವ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ನನಗೆ ಸಿಕ್ಕಿದ ಜಾಗ ನಾನು ಬಿಡುವವನಲ್ಲ. ಇಷ್ಟು ವರ್ಷದ "ಆಯಿತು"ಗಳೆಲ್ಲ ಗಂಟಲಿಗೆ ಬಂದಿದ್ದವು.

"ಓದಿದರೆ ಸಿಕ್ಕಿ ಬೀಳುತ್ತೇನೆ ಎಂಬ ಹೆದರಿಕೆ, ಅಲ್ಲವೇ?"

ನಾನೇ ಮೂರನೇ ಪ್ಯಾರಾವನ್ನು ಗಟ್ಟಿಯಾಗಿ ಓದಿದೆ. ಇದನ್ನು ನಿಮಗೆ ಓದಿ ಹೇಳಿದ ಮೇಲೆ ಪ್ರಮಾಣ ಮಾಡಿದಿರಲ್ಲವೇ ಎಂದೆ. ತಲೆ ಆಡಿಸಿದರು. ಆಮೇಲೆ ಪ್ರತಿವಾದಿಯ ಮನೆಗೆ ಮಗಳನ್ನು ಕೊಟ್ಟಿರಲ್ಲವೇ ಎಂದೆ. ಅದು ಸಾರ್ ನನಗೂ ಹೇಳಿಕೊಟ್ಟ ಕಥೆಯಲ್ಲೇ ಇತ್ತು. ಅದಕ್ಕೂ ಹೌದು ಎಂದರು. ಇನ್ನು ಕೊನೆಯ ಮಾತು ಉಳಿದಿತ್ತು, ಅದನ್ನು ಸಾಕ್ಷಿಯ ಮುಖಕ್ಕೇ ಹೇಳಬೇಕು, ಬಿಟ್ಟರೆ ಪಾಟೀಸವಾಲು ಅರ್ಧ.

"ಬೀಗರಿಗೆ ಸಹಾಯವಾಗಲೆಂದು ನೀವು ಈ ಕೋರ್ಟಿನಲ್ಲಿ ಸುಳ್ಳು ಹೇಳುತ್ತಿದ್ದೀರಿ."

ನಮ್ಮ ಮನೆಯಲ್ಲಿ ಆ ಮಾತನ್ನು ಆ ಮನುಷ್ಯನಿಗೆ ಯಾರೂ ಹೇಳಿದ್ದಿಲ್ಲ. ಮಾವ ನನ್ನ ಕಡೆ ಮುಖವೆತ್ತಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಸಾರ್ ಸ್ವಲ್ಪ ಕಾದು, "ಸಾಕ್ಷಿ ಉತ್ತರ ಕೊಡಲಿಲ್ಲ" ಎಂದು ತಾವೇ ಬರೆದುಕೊಂಡರು. ಹೆಚ್ಚಿಗೆ ಒಂದು ಪ್ರಶ್ನೆಯೂ ಕೇಳದೆ ನಾನು ಕೂತುಕೊಂಡೆ.

"ಕೂತದ್ದು ಒಳ್ಳೆಯದಾಯಿತು," ಎಂದರು ಸಾರ್. ಅಲ್ಲಿಯೇ ಸರ್ಟಿಫಿಕೇಟಿಗೆ ಸಹಿ ಹಾಕಿ ಕೈಗೆ ಕೊಟ್ಟರು. ಸಂತೋಷವಾಗಬೇಕಿತ್ತು. ದಣಿವೊಂದೇ ಇತ್ತು, ಗೋಡೆಗೆ ಒರಗಿ ನಿದ್ದೆ ಹೋಗಬೇಕು ಅನ್ನಿಸಿತು.

ಮಾವನನ್ನು ಬಸ್ಸಿಗೆ ಬಿಡಲು ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಭುಜ ಹಿಡಿದು ನಡೆದರು. ಸೋತವರ ಪ್ರೀತಿ ಇರಬೇಕೆಂದು ನಾನು ಒಳಗೇ ಬೀಗಿದೆ. ಬಸ್ಸು ಹೊರಡಲು ಸಿದ್ಧವಾಗಿ ಎದುರಿಗೇ ನಿಂತಿತ್ತು, ನೆತ್ತಿಯ ಮೇಲೆ ಕೈಯಗಲದ ಅಕ್ಷರದ ಬೋರ್ಡು. ಮಾವ ಅದರ ಕಡೆಗೇ ಮುಖ ಮಾಡಿ ಕೇಳಿದರು:

"ನಮ್ಮ ಬಸ್ಸು ಬಂತಾ?"

ನಾನು ಅವರ ಕಣ್ಣು ನೋಡಿದೆ. ಮನೆಗೆ ಹೋಗದೆ ವರ್ಷ ಕಳೆದಿತ್ತು. ಎರಡು ಕಣ್ಣಿನಲ್ಲೂ ಹಾಲಿನ ಕೆನೆಯಂಥ ಬಿಳುಪು ಕೂತಿತ್ತು.

"ಮಾವ... ಯಾವಾಗಿನಿಂದ?"

"ಮಳೆಗಾಲದಿಂದ. ಮತ್ತೆ ನಿನ್ನನ್ನು ಕರೆದದ್ದು ಎಂತಕ್ಕೆ ಅಂತ ಮಾಡಿದ್ದೀ?"

"ಅಲ್ಲಿ ಕುರ್ಚಿಯಲ್ಲೇ ಹೇಳಬಹುದಿತ್ತಲ್ಲ! ಓದಲಿಕ್ಕೆ ಕಣ್ಣು ಕಾಣುವುದಿಲ್ಲ ಅಂತ ಒಂದು ಮಾತು!"

"ಹೇಳಿದ್ದರೆ ನಿನ್ನ ಕ್ರಾಸು ಅಲ್ಲಿಗೇ ಮುಗೀತಿತ್ತು. ನಿಮ್ಮ ಸಾರು ಮತ್ತೆ ಇನ್ನೊಂದು ಶನಿವಾರ ಅಂತಿದ್ದರು. ನನಗೆ ಬಾಯಿವರೆಗೆ ಬಂದಿತ್ತು. ಆದರೆ ನೀನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ, ಇನ್ನೂ ಸ್ವಲ್ಪ ಕೇಳುವ ಅಂತ ಸುಮ್ಮನೆ ಕೂತೆ."

ನಾನೂ ಬರುತ್ತೇನೆ ಎಂದು ಮೆಟ್ಟಿಲಿಗೆ ಕಾಲಿಟ್ಟೆ. ಮಾವ ಕೈಯಿಂದ ತಡವಿ ನನ್ನ ಎದೆ ಸಿಕ್ಕಿದ ಮೇಲೆ ಹಿಂದಕ್ಕೆ ತಳ್ಳಿದರು. "ಗದ್ದೆಗೆ ನಿನ್ನ ಅಮ್ಮ ಇದ್ದಾಳೆ. ನೀನು ಮದ್ರಾಸಿಗೆ ಹೋಗಿ ಹೆಸರು ಬರೆಸಿಕೊಂಡು ಬಾ" ಎಂದರು. ಹೋಗಿ ಬರೆಸಿಕೊಂಡು ಬಂದೆ. ಆಮೇಲೆ ನನ್ನ ವಕೀಲಿಯಲ್ಲಿ ಎಷ್ಟೋ ಸಾಕ್ಷಿಗಳು ನನ್ನ ಪ್ರಶ್ನೆಗೆ ಉತ್ತರ ಕೊಡದೆ ಕೂತಿದ್ದಾರೆ. ಹೆಚ್ಚಿನವರು ಸುಳ್ಳುಗಾರರೇ, ಅದರಲ್ಲಿ ಸಂಶಯವಿಲ್ಲ. ಆದರೂ ಒಬ್ಬರ ಕೈಗೆ ಕಾಗದ ಕೊಡುವ ಮೊದಲು ನಾನು ಅವರ ಕಣ್ಣು ನೋಡುತ್ತೇನೆ.