ಎಂಜಿನಿಗೆ ಬಿದ್ದ ಕಾಯಿನೀರು

ನನ್ನ ಗಂಡ ಜಪಾನಿನಿಂದ ದೋಣಿಯ ಎಂಜಿನ್ ಎರಡು ತರಿಸಿದಾಗ ಅವುಗಳ ಆಮದು ಸುಂಕ ಕಟ್ಟಿದ್ದು ನನ್ನ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು. ಕಾಪುವಿನ ಮೀನುಗಾರರೊಬ್ಬರು ಕೊಳ್ಳುವುದೆಂದು ಮಾತಾಗಿತ್ತು. ಬರಲಿರುವ ಲಾಭವನ್ನು ಇವರು ದಿನಾ ಊಟದ ಜೊತೆಗೆ ಬಡಿಸುತ್ತಿದ್ದರು.

ಕಾಪುವಿನಲ್ಲಿ ಎಂಜಿನ್‌ಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಧಾರಾಳವಾಗಿ ಮೇಲೆ ಸುರಿದರು. ಆಮೇಲೆ ಮರಳಿನ ಮೇಲಿದ್ದ ದೋಣಿಯ ಹಿಂಬದಿಗೆ ಒಂದನ್ನು ಸಿಕ್ಕಿಸಿ ನೋಡಿದರು.

"ಇದರ ಕಾಲು ಗಿಡ್ಡ ಉಂಟು ಮಾರಾಯ್ರೆ. ಫ್ಯಾನು ನೀರಿಗೆ ಮುಟ್ಟದಿದ್ದರೆ ನಾವು ಎಂತ ಮಾಡುವುದು?" ಎಂದರು ಆ ಮೀನುಗಾರರು. ಚಾಲೂ ಸಹ ಮಾಡದೆ ವಾಪಸು ಕೊಟ್ಟರು. ಆರ್ಡರ್ ಕಳಿಸುವಾಗ ಕಾಲಿನ ಉದ್ದವನ್ನೂ ಬರೆಯಬೇಕೆಂದು ಇವರಿಗೆ ಹೊಳೆದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಪುಣ್ಯಕ್ಕೆ ಜಪಾನಿನವರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದರು. ಸುಂಕ ಕಟ್ಟಿದ ಎರಡು ವರ್ಷದೊಳಗೆ ಅದೇ ಸರಕನ್ನು ಬಳಸದೆ ಹೊರದೇಶಕ್ಕೆ ಮರಳಿಸಿದರೆ ಕಸ್ಟಮ್ಸ್‌ನವರು ಆ ಸುಂಕದಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ವಾಪಸು ಕೊಡುತ್ತಾರಂತೆ. ಬಳಸಿದ್ದೆಂದು ಕಂಡರೆ, ತಿಂಗಳು ಕಳೆದಷ್ಟೂ ಕಡಿತ. ನಮ್ಮ ಜಗಲಿಯಲ್ಲಿ ಅವು ಆಗಲೇ ಒಂದು ಮಳೆಗಾಲ ಕಳೆದಿದ್ದವು. ಎಂಜಿನ್‌ಗಳ ತಪಾಸಣೆಗೆ ಪಣಂಬೂರಿನ ಬಂದರಿಗೆ ಇವರೊಬ್ಬರನ್ನೇ ಕಳಿಸುವಷ್ಟು ನಂಬಿಕೆ ನನಗಿರಲಿಲ್ಲ, ನಾನೂ ಬಸ್ಸು ಹತ್ತಿದೆ.

ಕಸ್ಟಮ್ಸ್ ಅಧಿಕಾರಿ ಆಮದಿನ ಕಾಗದ ಹಿಡಿದು ಎಂಜಿನ್‌ಗಳ ನಂಬರು ಹೋಲಿಸಿದರು. ಸರಿಯಿತ್ತು. ಪೆಟ್ರೋಲ್ ಪೈಪಿಗೆ ಮೂಗಿಟ್ಟರು. ವಾಸನೆಯಿಲ್ಲ. ಮೇಲಿನ ಮುಚ್ಚಳ ತೆಗೆದವರೇ ಗಂಭೀರರಾದರು. ಒಳಗೆ ಬೆಳ್ಳಗೆ ಒಣಗಿದ ಗೆರೆಗಳು.

"ಇದು ಉಪ್ಪು. ಸಮುದ್ರಕ್ಕೆ ಇಳಿದ ಎಂಜಿನ್ ಇದು," ಎಂದರು.

ನನಗೆ ಬಳೆಗಳು ಕಣ್ಣ ಮುಂದೆ ಬಂದವು. ಬೆರಳು ಒದ್ದೆ ಮಾಡಿ, ಗೆರೆಗೆ ಒತ್ತಿ, ನಾಲಗೆಗಿಟ್ಟೆ.

"ಉಪ್ಪಲ್ಲ ಸಾರ್. ಪೂಜೆಯ ಕಾಯಿನೀರು, ಮುಚ್ಚಳದ ಸಂದಿನಿಂದ ಇಳಿದದ್ದು. ಸಿಹಿ ಉಂಟು."

"ಅಮ್ಮಾ, ಹಣ ಬರಬೇಕಾದ್ದು ನಿಮಗೆ. ನಿಮ್ಮ ನಾಲಗೆಯನ್ನು ನಾನು ನಂಬುವುದು ಹೇಗೆ?"

"ಹಾಗಾದರೆ ಸರಕಾರದ ನಾಲಗೆಯೇ ನೋಡಲಿ."

ಇವರು ನನ್ನ ಸೆರಗು ಜಗ್ಗಿದರು. ಅಧಿಕಾರಿ ಸುತ್ತಮುತ್ತ ಕಣ್ಣಾಡಿಸಿದರು. ಆ ಕ್ಷಣಕ್ಕೇ ಗೆರೆಯ ಮೇಲೆ ಇರುವೆಗಳ ಸಣ್ಣ ಸಾಲೊಂದು ಹರಿದು ಬಂತು. ಬನ್ನಂಜೆಯ ನಮ್ಮ ಜಗಲಿಯಿಂದಲೇ ಲಾರಿಯಲ್ಲಿ ಬಂದ ಪ್ರಯಾಣಿಕರಿರಬೇಕು. ಅಧಿಕಾರಿ ಬಗ್ಗಿ ನೋಡಿದರು, ಕೊನೆಗೆ ಕಿರುಬೆರಳಿನ ತುದಿಯಿಂದ ಮುಟ್ಟಿ ರುಚಿ ನೋಡಿದರು. ಇನ್ನೊಂದು ಎಂಜಿನಿನದನ್ನೂ ನೋಡಿದರು.

"ಸ್ವಲ್ಪ ಹುಳಿಯೂ ಉಂಟು ಅಲ್ವಾ?" ಎಂದರು.

ಫ್ಯಾನಿನ ಬಣ್ಣಕ್ಕೆ ಗೀರು ಬಿದ್ದಿದೆಯೇ ಎಂದು ತಡವಿ ನೋಡಿ, ಬಳಸಿಲ್ಲವೆಂದೇ ಬರೆದರು. ರುಚಿಯ ವಿಷಯ ಬರೆಯಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು.

ಎಂಜಿನ್‌ಗಳು ಹಡಗು ಹತ್ತಿದ ಮೇಲೂ ಸುಂಕ ಕೈಸೇರಲು ತಿಂಗಳುಗಳೇ ಹಿಡಿದವು. ಬಳೆ ಬಿಡಿಸಿ ತಂದ ಸಂಜೆ ಇವರೇ ನನ್ನ ಕೈಗೆ ತೊಡಿಸಿದರು. ತೊಡಿಸಿ, ಕೈ ಬಿಡದೆ ಮೆಲ್ಲಗೆ ಹೇಳಿದರು: "ಕಾಪುವಿನವರು ಕೇಳುತ್ತಿದ್ದಾರೆ, ಉದ್ದ ಕಾಲಿನದ್ದು ಸಿಗಬಹುದಾ ಅಂತ."

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.