ಹತ್ತೊಂಬತ್ತೂವರೆ ಗ್ರಾಂ

ನಾನು ಅಳವಂಡಿಯವನು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೈದರಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ಪ್ರಯೋಗಾಲಯದ ಮಾಸ್ತರರು ಕುಷ್ಟಗಿಯವರು. ಪಾಠವೆಲ್ಲ ಉರ್ದುವಿನಲ್ಲಿ ಹೇಳುವವರು ಬೈಯುವಾಗ ಮಾತ್ರ ನಮ್ಮೂರ ಮಾತಿಗೆ ಇಳಿಯುತ್ತಿದ್ದರು. ಆ ಬೈಗುಳ ಕೇಳಿದರೆ ನನಗೆ ಮನೆಗೆ ಹೋಗಿಬಂದ ಹಾಗಾಗುತ್ತಿತ್ತು.

ಆ ವರ್ಷ ಸಹಾಯಕನ ಹುದ್ದೆ ಒಂದೇ ಇತ್ತು. ಮಾಸ್ತರರು ಶಿಫಾರಸು ಬರೆದರೆ ನನ್ನದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ. ಅದಕ್ಕವರು ಕೊಟ್ಟ ಪರೀಕ್ಷೆ ಮ್ಯಾಲೋನಿಕ್ ಎಸ್ಟರಿನದು: ಆ ದ್ರವದಿಂದ ಒಂದೇ ಆಮ್ಲದ ತುದಿ ಇರುವ ಹರಳು ಮಾಡಬೇಕು. ಸೀಸೆಯಲ್ಲಿ ಉಳಿದದ್ದು ಇಪ್ಪತ್ತೇ ಗ್ರಾಂ.

ನೀರಿನ ಸುಳಿವೂ ಇಲ್ಲದ ಆಲ್ಕೊಹಾಲಿನಲ್ಲಿ ಸೋಡಿಯಂ ಕರಗಿಸಿದೆ. ಎಸ್ಟರ್ ಹಾಕಿ, ಮೇಲೆ ಬೆಂಜೈಲ್ ಕ್ಲೋರೈಡ್ ಹನಿಹನಿಯಾಗಿ ಬಿಟ್ಟು ಕುದಿಸಿದೆ. ತಳದಲ್ಲಿ ಬಿಳಿ ಉಪ್ಪು ಕೂತಿತು. ಎಸ್ಟರನ್ನು ಬೇರ್ಪಡಿಸಿ, ಪೊಟ್ಯಾಷ್ ಕ್ಷಾರದಲ್ಲಿ ಕುದಿಸಿ ಒಡೆದೆ. ತಣ್ಣಗಾದ ಮೇಲೆ ಆಮ್ಲ ಸುರಿದು, ಈಥರಿನಲ್ಲಿ ತೆಗೆದು ಒಣಗಿಸಿದರೆ ಬೆಳ್ಳಗಿನ ಹರಳು! ತೂಗಿದೆ. ಹತ್ತೊಂಬತ್ತೂವರೆ ಗ್ರಾಂ. ಮುಗಿಯಿತು ಅಂದುಕೊಂಡು ಪುಸ್ತಕದಲ್ಲಿ ದೊಡ್ಡದಾಗಿ ಬರೆದೆ.

ಮಾಸ್ತರರು ನೋಡಿ, "ಭಾಳ ಛಲೋ ಬೆಳಿ ಬಂದೈತಲ್ಲೋ! ಎಷ್ಟು ಬರಬೇಕಿತ್ತು, ಲೆಕ್ಕ ಹಾಕು," ಎಂದರು.

ಹಾಕಿದೆ. ಒಂದು ಹನಿ ಚೆಲ್ಲದಿದ್ದರೂ ಹತ್ತೊಂಬತ್ತು ಗ್ರಾಂ ದಾಟುವಂತಿರಲಿಲ್ಲ. ನಾನು ಬರೆದದ್ದು ಅದಕ್ಕೂ ಹೆಚ್ಚು!

ಅವರು ಒಂದು ಚಿಟಿಕೆ ಹರಳನ್ನು ನಳಿಕೆಗೆ ಹಾಕಿ ಕಾಸಿದರು. ಅದು ಕರಗಿತು, ಆಮೇಲೆ ಗುಳ್ಳೆ ಎದ್ದಿತು. ಆ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನ ಹಾಗಾಯಿತು. "ನಿನ್ನ ಹರಳಿಗೆ ಇನ್ನೂ ಎರಡು ಆಮ್ಲದ ತುದಿ ಅದಾವ. ಅದ್ರಾಗ ಒಂದು, ಇಂಗಾಲದ ಗಾಳಿಯಾಗಿ ಹೋಗಬೇಕು. ಅದು ಹೋಗಿಲ್ಲ, ಅದಕ್ಕ ತೂಕ ಹೆಚ್ಚು. ಕಾಸೋದನ್ನ ಯಾರ ಮಾಡ್ತಾರ, ನಿಮ್ಮಪ್ಪನ?"

ಕೊನೆಯ ಹೆಜ್ಜೆಯನ್ನೇ ಮರೆತಿದ್ದೆ! ಉಳಿದದ್ದನ್ನು ನೂರಾ ಎಂಬತ್ತು ಡಿಗ್ರಿಯಲ್ಲಿ ಗುಳ್ಳೆ ನಿಲ್ಲುವ ತನಕ ಕಾಸಿದೆ. ತಣಿದು ಗಟ್ಟಿಯಾದ ಆಮ್ಲವನ್ನು ಶುದ್ಧಮಾಡಿದಾಗ ಅದು ನಲವತ್ತೆಂಟಕ್ಕೇ ಕರಗಿತು, ಬೇಕಾದದ್ದು ಅದೇ. ತೂಕ ಹದಿನಾಲ್ಕು ಗ್ರಾಂ.

ಮಾಸ್ತರರು ಚಹಾಕ್ಕೆ ಹೋಗಿದ್ದರು. ಹಾಳೆ ಹರಿದು ಹೊಸದಾಗಿ ಬರೆಯೋಣವೆಂದು ಕೈ ಹೋಯಿತು, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿಯ ಪದ್ಧತಿ ಬೇರೆ. ತಪ್ಪಿದ ಅಂಕಿಯ ಮೇಲೆ ಒಂದೇ ಗೀಟು, ಕೆಳಗಿನದು ಓದಲು ಬರಬೇಕು. ಹಾಳಾಗಿ ಹೋಗಲೆಂದು ಗೀಟೆಳೆದೆ. ಪಕ್ಕದಲ್ಲಿ 'ಕಾಸುವುದನ್ನು ಮರೆತಿದ್ದೆ' ಎಂದೂ ಬರೆದು, ಊರಿಗೆ ಹೋಗುವ ರೈಲಿನ ಯೋಚನೆಯಲ್ಲಿ ಕೂತೆ.

ಅವರು ಬಂದು ಪುಸ್ತಕ ತಿರುವಿ, ಗೀಟೆಳೆದ ಅಂಕಿಯನ್ನೂ ಪಕ್ಕದ ಮಾತನ್ನೂ ಓದಿದರು. ಅಲ್ಲೇ ನಿಂತು ಶಿಫಾರಸು ಬರೆದು ನನ್ನ ಕೈಗಿತ್ತರು. ಉರ್ದುವಿನಲ್ಲಿ ಎರಡೇ ಸಾಲು ಇತ್ತು: "ಈತನಿಗೆ ಮರೆವು ಹೆಚ್ಚು. ಆದರೆ ಈತ ಬರೆದದ್ದನ್ನು ನಾನು ಇನ್ನೊಮ್ಮೆ ತೂಗಿ ನೋಡಬೇಕಿಲ್ಲ."